ಒಂಬತ್ತಕ್ಕಿಂತ ಮೊದಲು ಬರುವ ಹತ್ತು

ಆಫೀಸಿನ ಕಂಪ್ಯೂಟರುಗಳ ಐಪಿ ವಿಳಾಸಗಳನ್ನು ಎಕ್ಸೆಲ್‌ನಲ್ಲಿ ಏರಿಕೆ ಕ್ರಮಕ್ಕೆ ಹಾಕಿ ನೋಡಿ. 192.168.1.10 ಮೇಲೆ, 192.168.1.9 ಕೆಳಗೆ! ಯಂತ್ರಕ್ಕೆ ಇದು ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ನಿಘಂಟಿನಲ್ಲಿ ಪದ ಜೋಡಿಸಿದಂತೆ ಎಡದಿಂದ ಹೋಲಿಸುತ್ತದೆ. 9ಕ್ಕಿಂತ 1 ಮೊದಲು.

ಚುಕ್ಕೆಗಳ ನಡುವಿನ ನಾಲ್ಕೂ ಭಾಗಗಳು 0ಯಿಂದ 255ರ ಒಳಗಿನವು. ಅಂದರೆ ಪ್ರತಿ ಭಾಗಕ್ಕೂ 256 ಸಾಧ್ಯತೆ. ನಮ್ಮ ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಇರುವಂತೆ ಇಲ್ಲಿ ಒಂದೊಂದು ಸ್ಥಾನಕ್ಕೂ ಬೆಲೆ 256 ಪಟ್ಟು ಏರುತ್ತದೆ. ಹಾಗಾಗಿ ಎಡದಿಂದ ಶುರುಮಾಡಿ, ಬಂದದ್ದನ್ನು 256ರಿಂದ ಗುಣಿಸಿ ಮುಂದಿನ ಭಾಗ ಕೂಡಿಸುತ್ತಾ ಹೋದರೆ ಸಾಕು:

```
192 × 256 + 168 = 49320
49320 × 256 + 1 = 12625921
12625921 × 256 + 10 = 3232235786
```

ಕೊನೆಯ ಭಾಗ 9 ಆಗಿದ್ದರೆ 3232235785. ಈಗ ಕ್ರಮ ಸರಿಯಾಯಿತು. ಹಿಂದಕ್ಕೆ ಬರಲು 256ರಿಂದ ಭಾಗಿಸುತ್ತಾ ಹೋಗಿ. ಉಳಿಯುವ ಶೇಷಗಳೇ ಬಲದಿಂದ ಎಡಕ್ಕೆ 10, 1, 168, ಕೊನೆಗೆ ಮಿಕ್ಕಿದ್ದು 192. ಮೈಎಸ್‌ಕ್ಯೂಎಲ್‌ನಲ್ಲಿ `INET_ATON` ಮತ್ತು `INET_NTOA` ಇದನ್ನೇ ಮಾಡುತ್ತವೆ.

ಎಡವುವುದು ಬೇರೆ ಕಡೆ. ಜಾವಾದ `int` ಋಣಸಂಖ್ಯೆಗೂ ಜಾಗ ಬಿಟ್ಟಿರುವುದರಿಂದ 2147483647 ದಾಟಿ ಹಿಡಿಸದು. 128.0.0.0ರಿಂದಾಚೆಯ ವಿಳಾಸಗಳೆಲ್ಲ ಅದರಲ್ಲಿ ಋಣವಾಗುತ್ತವೆ: ನಮ್ಮದು -1062731510 ಆಗಿ, 10.0.0.1ಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಪಟ್ಟಿಯ ತಲೆಯಲ್ಲೇ 192 ಕಂಡರೆ ಅನುಮಾನಪಡಿ, `long` ಬಳಸಿ.