ಮೂರು ಬಡಿತ, ಒಂದು ಬಿಡುವು

ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಗುಲಾಬಿ ಚೌಕುಳಿಯ ಒಂದು ಈಸಿಜಿ ಪಟ್ಟಿ. ಚೂಪಾದ ಮೊನೆಗಳು ಸಮವಾಗಿ ಬರುತ್ತಿಲ್ಲ. ಒಂದು ಕಡೆ ಒತ್ತೊತ್ತಾಗಿವೆ, ಇನ್ನೊಂದು ಕಡೆ ದೂರವಾಗಿವೆ. ಮುಂದಿನ ಬೆಂಚಿನ ಹುಡುಗಿ ತಡಮಾಡದೆ ಹೇಳುತ್ತಾಳೆ: "ಏಟ್ರಿಯಲ್ ಫಿಬ್ರಿಲೇಷನ್, ಮೇಡಂ." ಮೇಡಂ ತಲೆಯಾಡಿಸುತ್ತಾರೆ. "ಹೆಸರು ಆಮೇಲೆ ಹೇಳಮ್ಮ. ಮೊದಲು ಎಣಿಸು."

ಇಂಥ ತರಗತಿಗಳಲ್ಲಿ ಬಹಳ ಸಲ ಕಾಣುವ ತಪ್ಪು ಇದು. ಬಡಿತ ಏರುಪೇರಾದ ಕೂಡಲೇ ಅತಿ ಪರಿಚಿತ ಹೆಸರು ಬಾಯಿಗೆ ಬಂದುಬಿಡುತ್ತದೆ. ಅದಕ್ಕೇ ಪಟ್ಟಿ ಓದುವುದಕ್ಕೆ ಒಂದು ಕ್ರಮವಿದೆ: ವೇಗ, ತಾಳ, ಪಿ ಅಲೆ, ಪಿ ಅಲೆಯಿಂದ ಕ್ಯೂಆರ್‌ಎಸ್‌ವರೆಗಿನ ಅಂತರ, ಕೊನೆಗೆ ಕ್ಯೂಆರ್‌ಎಸ್ ಅಗಲ. ಈ ಐದೂ ಮುಗಿಯುವ ಮುನ್ನ ಹೆಸರು ಹೇಳುವಂತಿಲ್ಲ.

ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳನ್ನು ಕೊಟ್ಟವರು ಡಚ್ ವಿಜ್ಞಾನಿ ವಿಲ್ಲೆಮ್ ಐಂಟ್‌ಹೋವನ್. ಈಸಿಜಿಯ ಕೆಲಸಕ್ಕಾಗಿ 1924ರ ನೊಬೆಲ್ ಪಡೆದವರು. ಹೃದಯದ ಮೇಲಿನ ಕೋಣೆಗಳಲ್ಲಿ ವಿದ್ಯುತ್ ಹರಡಿದಾಗ ಮೂಡುವ ಸಣ್ಣ ಗುಬ್ಬಿ ಪಿ. ಕೆಳಗಿನ ಕೋಣೆಗಳಿಗೆ ಅದು ಹರಡಿದಾಗ ಏಳುವ ಚೂಪು ಮೊನೆ ಕ್ಯೂಆರ್‌ಎಸ್. ಆ ಕೋಣೆಗಳು ಮತ್ತೆ ಸಜ್ಜಾಗುವಾಗ ಮೂಡುವ ದುಂಡು ದಿಬ್ಬ ಟಿ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಸರಿಯುವುದರಿಂದ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು, ಐದು ಸಣ್ಣ ಚೌಕಗಳ ದೊಡ್ಡ ಚೌಕವೆಂದರೆ 0.20.

ಹುಡುಗಿ ಎಣಿಸಲು ಕೂರುತ್ತಾಳೆ. 30 ದೊಡ್ಡ ಚೌಕ ಎಂದರೆ ಆರು ಸೆಕೆಂಡು. ಅಷ್ಟರಲ್ಲಿ ಆರು ಮೊನೆಗಳಿವೆ. ಹತ್ತರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 60. ವೇಗದಲ್ಲಿ ತೊಂದರೆಯಿಲ್ಲ. ಇನ್ನು ತಾಳ. ಮೇಡಂ ಕೊಟ್ಟ ಬಿಳಿ ಕಾಗದದ ಚೂರನ್ನು ಪಟ್ಟಿಯ ಅಂಚಿಗಿಟ್ಟು ಪ್ರತಿ ಮೊನೆಯ ಕೆಳಗೂ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾಳೆ. ಮೊನೆಗಳ ನಡುವೆ 22 ಸಣ್ಣ ಚೌಕ, ಆಮೇಲೆ 21, ಆಮೇಲೆ 37. ಮತ್ತೆ 22, 21. ಅವಳ ಕೈ ನಿಲ್ಲುತ್ತದೆ. ಏರುಪೇರಿದೆ ನಿಜ, ಆದರೆ ಅದು ಒಂದೇ ರೀತಿಯಲ್ಲಿ ಮರಳುತ್ತಿದೆ: ಮೂರು ಬಡಿತ, ಒಂದು ಬಿಡುವು, ಮತ್ತೆ ಮೂರು ಬಡಿತ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಇಂಥ ಗುಂಪು ಸಿಗುವುದಿಲ್ಲ. ಅಲ್ಲಿ ಯಾವ ಅಂತರಕ್ಕೂ ಮುಂದಿನದರ ಹಂಗಿರುವುದಿಲ್ಲ.

ಮೂರನೆಯ ಹೆಜ್ಜೆ ಅನುಮಾನವನ್ನು ಪೂರ್ತಿ ಕಳೆಯುತ್ತದೆ. ಫಿಬ್ರಿಲೇಷನ್ ಆಗಿದ್ದರೆ ಮೇಲಿನ ಕೋಣೆಗಳು ಬಡಿಯದೆ ಅದುರುತ್ತಿರುತ್ತವೆ, ಪಿ ಅಲೆಯ ಜಾಗದಲ್ಲಿ ನಡುಗುವ ಗೆರೆ ಮಾತ್ರ ಇರುತ್ತದೆ. ಇಲ್ಲಿ ಹಾಗಿಲ್ಲ. ಚೂರಿನ ಮೇಲೆ ಅಕ್ಕಪಕ್ಕದ ಎರಡು ಪಿ ಗುರುತಿಸಿ ಸರಿಸುತ್ತಾ ಹೋದರೆ 20 ಸಣ್ಣ ಚೌಕಕ್ಕೊಂದರಂತೆ ಪಿ ಅಲೆ ತಪ್ಪದೆ ಸಿಗುತ್ತದೆ. ಉದ್ದದ ಬಿಡುವಿನಲ್ಲೂ ಟಿ ದಿಬ್ಬ ಇಳಿದ ಕೂಡಲೇ ಒಂದು ಪಿ ಕೂತಿದೆ, ಅದರ ಹಿಂದೆ ಮೊನೆಯಿಲ್ಲ. ಬರಿಗಣ್ಣಿಗೆ ಅದು ಟಿ ಅಲೆಯ ಬಾಲದಂತೆ ಕಂಡಿತ್ತು. ಆರು ಮೊನೆಗಳಿಗೆ ಎಂಟು ಪಿ.

ಈಗ ಅಂತರ. ಪಿ ಅಲೆಯ ಆರಂಭದಿಂದ ಕ್ಯೂಆರ್‌ಎಸ್ ಆರಂಭದವರೆಗೆ 0.12ರಿಂದ 0.20 ಸೆಕೆಂಡು ಇರಬೇಕು. ಈ ಪಟ್ಟಿಯಲ್ಲಿ ಮೊದಲು 0.16, ನಂತರ 0.24, ನಂತರ 0.28, ನಾಲ್ಕನೆಯ ಪಿ ದಾಟಲೇ ಇಲ್ಲ. ಐದನೆಯದಕ್ಕೆ ಮತ್ತೆ 0.16. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್ ಪ್ರತಿ ಸಲ ಇನ್ನಷ್ಟು ದಣಿದು, ಒಂದು ಸಂದೇಶವನ್ನು ತಡೆದು, ಆ ಬಿಡುವಿನಲ್ಲಿ ಸುಧಾರಿಸಿಕೊಳ್ಳುತ್ತಿದೆ. ಕ್ಯೂಆರ್‌ಎಸ್ ಅಗಲ ಎರಡು ಸಣ್ಣ ಚೌಕ, 0.12 ಸೆಕೆಂಡಿನೊಳಗಿದೆ, ಸರಿಯಾಗಿದೆ. ಇದರ ಹೆಸರು ವೆಂಕೆಬಾಕ್. ಕಾರೆಲ್ ವೆಂಕೆಬಾಕ್ ಇದನ್ನು 1899ರಲ್ಲಿ, ಐಂಟ್‌ಹೋವನ್ನರ ಈಸಿಜಿ ಬರುವ ಮೊದಲೇ, ನಾಡಿಯ ದಾಖಲೆಗಳನ್ನು ಅಳೆದು ವಿವರಿಸಿದ್ದರು.

ಹೆಸರು ತಪ್ಪಿದರೆ ಏನಾಗುತ್ತಿತ್ತು? ಫಿಬ್ರಿಲೇಷನ್‌ನಲ್ಲಿ ಬಡಿತ ಜೋರಾಗಿದ್ದರೆ ಎವಿ ನೋಡನ್ನು ನಿಧಾನಿಸುವ ಬೀಟಾ ಬ್ಲಾಕರ್ ಕೊಡುವುದುಂಟು, ಎಷ್ಟೋ ಜನರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯೂ ಬೇಕಾಗುತ್ತದೆ. ವೆಂಕೆಬಾಕ್‌ನಲ್ಲಿ ಅದೇ ಬೀಟಾ ಬ್ಲಾಕರ್ ತಡೆಯನ್ನು ಹೆಚ್ಚಿಸಬಹುದು. ಕೆಲವರಲ್ಲಿ ತಡೆಗೆ ಕಾರಣವೇ ಆ ಮಾತ್ರೆಯಾಗಿರುತ್ತದೆ. ಕಟ್ಟುಮಸ್ತಾದ ಕ್ರೀಡಾಪಟು ನಿದ್ರೆಯಲ್ಲಿದ್ದಾಗ ಇಂಥ ಪಟ್ಟಿ ಬಂದರೆ ಸಾಮಾನ್ಯವಾಗಿ ಭಯವಿಲ್ಲ. ಎದೆನೋವು ಎಂದು ಬಂದವರಲ್ಲಿ ಬಂದರೆ ಮಾತು ಬೇರೆ. ಹೃದಯಾಘಾತವಾಗಿದೆಯೇ ಎಂಬುದನ್ನು ಒಂದೇ ಗೆರೆಯ ಈ ಪಟ್ಟಿ ತೀರ್ಮಾನಿಸಲಾರದು, ತಕ್ಷಣ 12 ಲೀಡ್ ಈಸಿಜಿ ಬೇಕು.

ತರಗತಿ ಮುಗಿಯುವ ಮುನ್ನ ಮೇಡಂ ಇನ್ನೊಂದು ಪಟ್ಟಿ ಎತ್ತಿ ಹಿಡಿಯುತ್ತಾರೆ. ಅಗಲವಾದ, ವೇಗವಾದ, ಎದೆ ಝಲ್ಲೆನಿಸುವ ಅಲೆಗಳು. ಹುಡುಗಿ ಈ ಸಲ ಬಾಯಿ ತೆರೆಯುವುದಿಲ್ಲ. ಚೂರನ್ನು ಅಂಚಿಗಿಟ್ಟು ಹುಡುಕುತ್ತಾಳೆ. ಆ ಗಲಿಬಿಲಿಯ ನಡುವೆಯೇ ಸಣ್ಣ ಮೊನೆಗಳು ಸಮದೂರದಲ್ಲಿ, ಯಾವ ಅಡ್ಡಿಯೂ ಇಲ್ಲದೆ ಸಾಗಿವೆ. "ಮೇಡಂ, ಪೇಶಂಟ್ ಆಗ ಏನು ಮಾಡ್ತಿದ್ರು?" ಎಂದು ಕೇಳುತ್ತಾಳೆ. ಮೇಡಂ ನಗುತ್ತಾರೆ. "ಹಲ್ಲುಜ್ಜುತ್ತಿದ್ದರು."