ಭಯ ಇರುವವರಿಗೆ ಒಂದು ಸಾಲು

ಬಿಸಿನೆಸ್ ಸ್ಟಡೀಸ್ ತರಗತಿಯಲ್ಲಿ ಜಾಹೀರಾತಿನ ಪಾಠ ಓದುವಾಗ, ಡ್ರೈವಿಂಗ್ ಸ್ಕೂಲಿನ ಬೋರ್ಡಿಗೆ ಒಂದು ಟ್ಯಾಗ್‌ಲೈನ್ ಬರೆದು ನೋಡೋಣ ಎನಿಸಿತು. ಟ್ಯಾಗ್‌ಲೈನ್ ಎಂದರೆ ಹೆಸರಿನ ಕೆಳಗೆ ಬರುವ ಒಂದೇ ಸಾಲು. ಮೊದಲ ಸಲ ಕಾರು ಕಲಿಯಲು ಹೆದರುವವರಿಗೆ ಅದು ಧೈರ್ಯ ಕೊಡಬೇಕು, ಸುಳ್ಳೂ ಹೇಳಬಾರದು.

ಸುಲಭವಾಗಿ ಹೊಳೆಯುವ ಸಾಲು "ಲೈಸೆನ್ಸ್ ಗ್ಯಾರಂಟಿ". ಆದರೆ ಲೈಸೆನ್ಸ್ ಕೊಡುವುದು ಆರ್‌ಟಿಒ, ಸ್ಕೂಲಲ್ಲ. ತನ್ನ ಕೈಯಲ್ಲಿಲ್ಲದ್ದಕ್ಕೆ ಅದು ಗ್ಯಾರಂಟಿ ಕೊಡುವುದು ಹೇಗೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ಖಾತರಿ ಕೊಡುವ ಜಾಹೀರಾತು ದಾರಿ ತಪ್ಪಿಸುವ ಜಾಹೀರಾತೇ. "21 ದಿನಗಳಲ್ಲಿ ಪರ್ಫೆಕ್ಟ್ ಡ್ರೈವರ್" ಎಂಬುದರಲ್ಲೂ ಇದೇ ತೊಂದರೆ. ತರಬೇತಿ ಎಷ್ಟು ದಿನ ಎಂದು ಸ್ಕೂಲು ಹೇಳಬಹುದು. ಅಷ್ಟರಲ್ಲಿ ಯಾರ ಕೈ ಎಷ್ಟು ಪಳಗುತ್ತದೆ ಎಂದು ಹೇಳಲಾಗದು.

"ಭಯವೇ ಬೇಡ" ಎಂದರೆ? ಇದರಲ್ಲಿ ಸುಳ್ಳಿಲ್ಲ, ಆದರೆ ಭಯಪಡದಿರಲು ಕಾರಣವೂ ಇಲ್ಲ. ಹೆದರುವವರಿಗೆ ಬೇಕಾಗಿರುವುದು ಆ ಕಾರಣ. ಕಾರು ಕಲಿಯುವ ಮಾತು ಬಂದಾಗ ನಮ್ಮ ಖಾಲಾ ಕೇಳಿದ ಮೊದಲ ಪ್ರಶ್ನೆ, "ಗಾಡಿ ಕೈಮೀರಿದರೆ ನಿಲ್ಲಿಸುವವರು ಯಾರು?" ಫೀಸು ಎಷ್ಟು ಎಂಬುದು ಆಮೇಲೆ ಬಂತು.

ಆ ಪ್ರಶ್ನೆಗೆ ಉತ್ತರ ಕಾರಿನೊಳಗೇ ಇದೆ. ಡ್ರೈವಿಂಗ್ ಸ್ಕೂಲಿನ ಕಾರಿಗೆ ಡ್ಯುಯಲ್ ಕಂಟ್ರೋಲ್ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಅಂದರೆ ಪಕ್ಕದಲ್ಲಿ ಕೂರುವ ಕಲಿಸುವವರ ಕಾಲಿನ ಬಳಿಯೂ ಬ್ರೇಕ್ ಪೆಡಲ್ ಇರುತ್ತದೆ. ಕಲಿಯುವವರು ಗಾಬರಿಯಲ್ಲಿ ಬ್ರೇಕ್ ಒತ್ತಲು ಮರೆತರೆ ಅವರು ಒತ್ತುತ್ತಾರೆ. ಹಾಗಾಗಿ ನಾನು ಬರೆದ ಸಾಲು ಇದು:

"ಸ್ಟೀರಿಂಗ್ ನಿಮ್ಮ ಕೈಯಲ್ಲಿ, ಇನ್ನೊಂದು ಬ್ರೇಕ್ ನಮ್ಮ ಕಾಲಲ್ಲಿ."

ಅಪಘಾತವೇ ಆಗದು ಎಂದು ಈ ಸಾಲು ಹೇಳುವುದಿಲ್ಲ. ಓಡಿಸಬೇಕಾದವರು ನೀವೇ ಎಂದು ಮೊದಲರ್ಧ ನೆನಪಿಸುತ್ತದೆ, ನೀವು ಒಬ್ಬರೇ ಅಲ್ಲ ಎಂದು ಉಳಿದರ್ಧ ಹೇಳುತ್ತದೆ. ನಿಜವೋ ಅಲ್ಲವೋ ಎಂದು ತಿಳಿಯಲು ಫೀಸು ಕಟ್ಟುವ ಮೊದಲು ಕಾರಿನ ಎಡಬಾಗಿಲು ತೆಗೆದು ಕೆಳಗೆ ನೋಡಿದರೆ ಸಾಕು.

ಈ ಸಾಲಿಗೂ ಮಿತಿಯಿದೆ. ಸ್ಕೂಟರಿನಲ್ಲಿ ಕಲಿಸುವವರಿಗೆ ಬೇರೆ ಬ್ರೇಕ್ ಇರುವುದಿಲ್ಲ. ಆ ತರಬೇತಿಯ ಬೋರ್ಡಿಗೆ ಇದನ್ನು ಹಾಕಿದರೆ ಸುಳ್ಳಾಗುತ್ತದೆ. ಕಾರಿನಲ್ಲೂ ಕಲಿಸುವವರು ಮೊಬೈಲ್ ನೋಡುತ್ತಾ ಕಾಲು ಮಡಚಿ ಕುಳಿತರೆ ಪೆಡಲ್ ಇದ್ದೂ ಇಲ್ಲದಂತೆ. ಈ ಸಾಲನ್ನು ಬರೆಸುವ ಮಾಲೀಕರು ಬೋರ್ಡಿಗೆ ಬಣ್ಣ ಹಚ್ಚಿಸುವ ಮೊದಲು ತಮ್ಮ ಕಲಿಸುವವರಿಗೆ ಅದನ್ನು ಓದಿ ಹೇಳಬೇಕು.