ಬೆಕ್ಕಿಗೆ ಕೇಳಲೆಂದೇ ಕೂಗುವ ಅಳಿಲು

ಕಾಂಪೌಂಡ್ ಗೋಡೆಯ ಮೇಲೆ ಬೆಕ್ಕು ಕಾಣಿಸಿದರೆ ಸಾಕು, ಸೀಬೆಮರದ ಅಳಿಲು ಕಾಂಡಕ್ಕೆ ತಲೆಕೆಳಗಾಗಿ ಅಂಟಿಕೊಂಡು ಚಿಕ್ ಚಿಕ್ ಚಿಕ್ ಎಂದು ಶುರು ಮಾಡುತ್ತದೆ. ಕೂಗಿನ ಜೊತೆಗೇ ಬಾಲ ಚಿಮ್ಮುತ್ತದೆ, ಮೈಯೆಲ್ಲ ಅದುರುತ್ತದೆ. ಕಣ್ಣು ಮಾತ್ರ ಬೆಕ್ಕಿನಿಂದ ಕದಲುವುದಿಲ್ಲ.

ಸದ್ದಿಲ್ಲದೆ ಎಲೆಗಳ ಮರೆಗೆ ಸರಿಯಬಹುದಾಗಿದ್ದ ಪುಟ್ಟ ಪ್ರಾಣಿ ತಾನಿರುವ ಜಾಗವನ್ನು ಶತ್ರುವಿಗೇ ಸಾರುವುದೇಕೆ?

ಉತ್ತರ ಬೆಕ್ಕಿನ ಬೇಟೆಯ ರೀತಿಯಲ್ಲಿದೆ. ಬೆಕ್ಕು ದೂರ ಓಡಿ ಹಿಡಿಯುವ ಪ್ರಾಣಿಯಲ್ಲ. ಹೊಂಚು ಹಾಕಿ, ತೆವಳಿ ಹತ್ತಿರವಾಗಿ, ಒಂದೇ ನೆಗೆತಕ್ಕೆ ಎರಗುತ್ತದೆ. ಅಳಿಲು ಗಮನಿಸಿಬಿಟ್ಟರೆ ಆ ಹೊಂಚಿನಲ್ಲಿ ಅರ್ಥವಿಲ್ಲ, ಏಕೆಂದರೆ ಮರದ ಮೇಲೆ ಎಚ್ಚೆತ್ತ ಅಳಿಲಿನ ವೇಗಕ್ಕೆ ಅದು ಸಾಟಿಯಲ್ಲ. ಹಾಗಾಗಿ ಬಾಲದ ಕುಣಿತ ಮೊದಲಿಗೆ ಬೆಕ್ಕಿಗೇ ಹೇಳುವ ಮಾತು: ನಿನ್ನನ್ನು ನೋಡಿಯಾಯಿತು, ಇನ್ನು ಕಾದು ಫಲವಿಲ್ಲ. ಅದೇ ಕೂಗು ಸುತ್ತಲಿನ ಅಳಿಲುಗಳನ್ನೂ ಎಚ್ಚರಿಸುತ್ತದೆ.

ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದ ಥ್ಯಾಡಿಯಸ್ ಮೆಕ್ರೇ ಮತ್ತು ಸ್ಟೀವನ್ ಗ್ರೀನ್ ಇದನ್ನು ಅಲ್ಲಿನ ಬೂದು ಅಳಿಲುಗಳಲ್ಲಿ ಪರೀಕ್ಷಿಸಿದರು. ನೆಲದ ಮೇಲೆ ಬೆಕ್ಕಿನ ಬೊಂಬೆಯನ್ನು ಅಳಿಲಿನ ಕಡೆಗೆ ಸರಿಸುವುದು, ಗಾಳಿಯಲ್ಲಿ ಗಿಡುಗದಂಥ ಆಕೃತಿಯನ್ನು ತೇಲಿಬಿಡುವುದು, ಎರಡಕ್ಕೂ ಅಳಿಲು ಏನು ಮಾಡುತ್ತದೆಂದು ದಾಖಲಿಸುವುದು. 2014ರಲ್ಲಿ ಪ್ರಕಟವಾದ ಫಲಿತಾಂಶ ಸೊಗಸಾಗಿದೆ. ಬಾಲವನ್ನು ಬಾವುಟದಂತೆ ದೊಡ್ಡದಾಗಿ ಬೀಸುವುದು ಹೆಚ್ಚಾಗಿ ನೆಲದ ಬೆಕ್ಕಿಗೆ. ಸಣ್ಣಗೆ ನರಳಿದಂಥ ರಾಗದ ದನಿ ಆಕಾಶದ ಗಿಡುಗಕ್ಕೆ. ಚುರುಕಾದ ಗಂಟಲ ಕೂಗುಗಳೂ ಬಾಲದ ಪುಟ್ಟ ಅದಿರಾಟವೂ ಮಾತ್ರ ಎರಡು ಅಪಾಯಗಳಿಗೂ ಸಲ್ಲುತ್ತವೆ. ಅಂದರೆ ಬರಿಯ ಕೂಗು ಕೇಳಿ ಬಂದಿರುವುದು ಯಾರೆಂದು ಹೇಳುವುದು ಕಷ್ಟ. ಬಾಲವನ್ನೂ ನೋಡಬೇಕು.

ದನಿಗಳ ಈ ವ್ಯತ್ಯಾಸಕ್ಕೂ ಕಾರಣವಿದೆ. ಚಿಕ್ ಎಂಬಂಥ ತುಂಡು ಸದ್ದು ಎತ್ತಲಿಂದ ಬಂತೆಂದು ಕಿವಿ ಸುಲಭವಾಗಿ ಪತ್ತೆಹಚ್ಚುತ್ತದೆ. ನೆಲದ ಬೆಕ್ಕಿಗೆ ತಾನಿರುವ ಕೊಂಬೆ ಗೊತ್ತಾದರೆ ಅಳಿಲಿಗೆ ನಷ್ಟವಿಲ್ಲ. ರೆಕ್ಕೆಯ ಗಿಡುಗದ ವಿಷಯ ಹಾಗಲ್ಲ. ಅದು ನೇರ ಕೊಂಬೆಗೇ ಎರಗಬಲ್ಲದು. ಮೆಲ್ಲಗೆ ಎದ್ದು ಮೆಲ್ಲಗೆ ಕರಗುವ ದನಿಯ ಮೂಲ ಹುಡುಕುವುದು ಅದಕ್ಕೂ ಸುಲಭವಲ್ಲ.

ಕರ್ನಾಟಕದ ಹಿತ್ತಿಲುಗಳಲ್ಲಿ ಓಡಾಡುವುದು ಬೇರೆ ಜಾತಿ, ಬೆನ್ನಿನ ಮೇಲೆ ಮೂರು ಬಿಳಿ ಪಟ್ಟೆಯ ಅಳಿಲು. ಅದೂ ಕೂಗು ಮತ್ತು ಬಾಲ ಎರಡನ್ನೂ ಒಟ್ಟಿಗೆ ಬಳಸುತ್ತದೆ. ಬಟ್ಟೆ ಒಣಹಾಕಲು ಹಿತ್ತಿಲಿಗೆ ಬಂದ ಮನುಷ್ಯರೂ ಅದರ ಲೆಕ್ಕದಲ್ಲಿ ನೆಲದ ಮೇಲೆ ಹತ್ತಿರವಾಗುತ್ತಿರುವ ದೊಡ್ಡ ಪ್ರಾಣಿಗಳೇ. ಜನ ದಿನವಿಡೀ ಓಡಾಡುವ ಪಾರ್ಕುಗಳಲ್ಲಿ ಅಳಿಲುಗಳು ಕ್ರಮೇಣ ಒಗ್ಗಿಕೊಂಡು ಸುಮ್ಮನಾಗುತ್ತವೆ. ನಾಯಿ ಬೆಕ್ಕು ಕಂಡಾಗ ಮಾತ್ರ ಮತ್ತೆ ಗದ್ದಲ.

ಬಾಲ ಚಿಮ್ಮಿದ್ದೆಲ್ಲ ಬೆಕ್ಕಿನ ಸುಳಿವೆಂದು ತಿಳಿಯಬಾರದು, ಅಳಿಲುಗಳು ತಮ್ಮೊಳಗೆ ಜಗಳವಾಡುವಾಗಲೂ ಬಾಲ ಕುಣಿಯುತ್ತದೆ. ಗುರುತಿಸಲು ಅದರ ದೃಷ್ಟಿಯ ಜಾಡು ಹಿಡಿಯಬೇಕು: ಕೂಗುವ ಅಳಿಲು ಒಂದೇ ದಿಕ್ಕಿಗೆ ಮುಖಮಾಡಿ ನಿಂತಿದ್ದರೆ, ಆ ದಿಕ್ಕಿನ ಕುಂಡಗಳ ಸಂದಿಯಲ್ಲೋ ಸೌದೆ ರಾಶಿಯ ಹಿಂದೆಯೋ ಬೆಕ್ಕು ಕೂತಿರುವ ಸಾಧ್ಯತೆ ಹೆಚ್ಚು. ಬೆಕ್ಕು ಕಣ್ಮರೆಯಾದ ಮೇಲೂ ಕೂಗು ಕೆಲಹೊತ್ತು ನಿಲ್ಲದಿರಬಹುದು. ಕಣ್ಮರೆಯಾದ ಬೆಕ್ಕು ಹೊರಟುಹೋಗಿದೆಯೋ ಅಡಗಿದೆಯೋ ಅಳಿಲಿಗೂ ತಿಳಿಯದು.